ಡಿಸಿ ಸೇವ್ ಆದ ಕೂಡಲೇ ಇ-ವೇ ಬಿಲ್ ಎತ್ತುವ ಇಆರ್‌ಪಿ: ಲಾರಿ ಹೊರಡಿಸುವ ಮುಂಚೆ ಇದನ್ನು ನೋಡಿಕೊಳ್ಳಿ

ಹಾಸನದಿಂದ ಘಾಟಿ ಕೆಳಗೆ ಮಾಲು ಕಳಿಸುವ ವ್ಯಾಪಾರ ನಿಮ್ಮದಾಗಿದ್ದು, ಇ-ವೇ ಬಿಲ್ಲನ್ನು ಇಆರ್‌ಪಿಯೇ ತಾನಾಗಿ ಎತ್ತುತ್ತಿದ್ದರೆ, ಅದು ಯಾವ ಕಾಗದದ ಮೇಲೆ ಎತ್ತುತ್ತಿದೆ ಎಂದು ಇವತ್ತೇ ನೋಡಿ. ಡೆಲಿವರಿ ಚಲನ್ ಮೇಲೋ, ಟ್ಯಾಕ್ಸ್ ಇನ್‌ವಾಯ್ಸ್ ಮೇಲೋ? ನಮ್ಮ ಪೈಪ್ ಗೋಡೌನಿನಲ್ಲಿ ಚಲನ್ ಮೇಲೆ ಎತ್ತುತ್ತಿತ್ತು. ಅದರಿಂದಾಗಿ ₹68,040 ದಂಡ ಕಟ್ಟಬೇಕಾಯಿತು.

ಸಾಫ್ಟ್‌ವೇರ್ ಹಾಕಿಕೊಟ್ಟ ಕಂಪನಿಯವರು ಇದನ್ನು ದೊಡ್ಡ ಅನುಕೂಲ ಎಂಬಂತೆ ತೋರಿಸಿದ್ದರು. ಗೋಡೌನಿನವರು ಡಿಸಿ ಸಬ್ಮಿಟ್ ಒತ್ತಿದರೆ ಸಾಕು, ಇ-ವೇ ಬಿಲ್ ನಂಬರ್ ಬಂದುಬಿಡುತ್ತದೆ, ಲೆಕ್ಕದವರು ಇನ್‌ವಾಯ್ಸನ್ನು ನಿಧಾನಕ್ಕೆ ಮಾಡಿಕೊಳ್ಳಬಹುದು. ಆದರೆ ಮಾರಾಟದ ಮಾಲು ಗೋಡೌನ್ ಬಿಡುವ ಹೊತ್ತಿಗೇ ಇನ್‌ವಾಯ್ಸ್ ಆಗಿರಬೇಕು ಎನ್ನುತ್ತದೆ ಜಿಎಸ್‌ಟಿ. ಚಲನ್ ಮೇಲೆ ಮಾಲು ಕಳಿಸಲು ಅವಕಾಶ ಇರುವುದು ಜಾಬ್ ವರ್ಕ್, ಒಪ್ಪಿಗೆಯಾದರೆ ಇಟ್ಟುಕೊಳ್ಳಲಿ ಎಂದು ಕಳಿಸುವ ಮಾಲು, ಇಂಥ ಕೆಲವೇ ಸಂದರ್ಭಗಳಲ್ಲಿ. ಪೋರ್ಟಲ್‌ಗೂ ಇದು ಗೊತ್ತು. ವಹಿವಾಟಿನ ಬಗೆ `Supply` ಎಂದು ಹಾಕಿದರೆ ಅದು ಡೆಲಿವರಿ ಚಲನನ್ನು ಒಪ್ಪುವುದಿಲ್ಲ. ಅದಕ್ಕೆ ಆ ಕಂಪನಿಯವರು ಸೆಟ್ಟಿಂಗ್‌ನಲ್ಲಿ `Others` ಎಂದು ಇಟ್ಟು ಕೆಲಸ ಸಾಗಿಸಿದ್ದರು. ತಿಂಗಳುಗಟ್ಟಲೆ ಎಲ್ಲ ಸುಸೂತ್ರವಾಗಿ ನಡೆದದ್ದರಿಂದ ಯಾರೂ ಅದನ್ನು ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ.

ಸಿಕ್ಕಿಬಿದ್ದ ಲೋಡು ಪುತ್ತೂರಿನ ಅಂಗಡಿಯೊಂದಕ್ಕೆ ಹೊರಟಿತ್ತು. ₹1,80,000ದ ಪಿವಿಸಿ ಪೈಪು. ಸಂಜೆ ಡಿಸಿ ಆಯಿತು. ಶೇ 18 ತೆರಿಗೆ ಸೇರಿ ₹2,12,400ಕ್ಕೆ ಇ-ವೇ ಬಿಲ್ ಎದ್ದಿತು. ಲಾರಿ ಬಾಡಿಗೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಮಳೆಗಾಲದಲ್ಲಿ ಶಿರಾಡಿ ತೆರೆದಿದೆಯೋ ಮುಚ್ಚಿದೆಯೋ ಎಂಬುದರ ಮೇಲೆ ಬಾಡಿಗೆ ನಿಲ್ಲುತ್ತದೆ. ಬೆಳಿಗ್ಗೆ ಶಿರಾಡಿ ತೆರೆದಿದೆ ಎಂದು ಖಾತ್ರಿಯಾದ ಮೇಲೆ ₹9,000ಕ್ಕೆ ಮಾತಾಯಿತು. ನಮ್ಮಲ್ಲಿ ಬಾಡಿಗೆಯನ್ನು ಪಾರ್ಟಿಯ ಬಿಲ್ಲಿಗೇ ಸೇರಿಸುವುದು ರೂಢಿ. ಹಾಗೆ ಸೇರಿಸಿದ ಬಾಡಿಗೆ ಮಾಲಿನ ಮೌಲ್ಯದ ಭಾಗವಾಗುತ್ತದೆ, ಅದರ ಮೇಲೂ ಮಾಲಿನ ದರದಲ್ಲೇ ತೆರಿಗೆ ಬೀಳುತ್ತದೆ. ಹೀಗೆ ಇನ್‌ವಾಯ್ಸ್ ₹1,89,000ಕ್ಕೆ ಶೇ 18 ಅಂದರೆ ₹34,020 ಸೇರಿ ₹2,23,020 ಆಯಿತು.

ಈಗ ಚಾಲಕನ ಕೈಯಲ್ಲಿದ್ದದ್ದು ಒಂದು ನಂಬರಿನ ಇನ್‌ವಾಯ್ಸ್, ಇನ್ನೊಂದು ನಂಬರಿನ ಡಿಸಿ ಮೇಲೆ ಎದ್ದ ಇ-ವೇ ಬಿಲ್, ಎರಡರ ಮೊತ್ತವೂ ಬೇರೆ. ರಾತ್ರಿ ಲಾರಿ ಬದಲಾಗಿತ್ತು. ಬೆಳಿಗ್ಗೆ ಪಾರ್ಟ್ ಬಿಯಲ್ಲಿ ಹೊಸ ಗಾಡಿ ನಂಬರನ್ನು ಮರೆಯದೆ ಹಾಕಿದ್ದೆವು. ಎಲ್ಲರೂ ಎಡವುವ ಜಾಗದಲ್ಲಿ ನಾವು ಸರಿಯಾಗಿದ್ದೆವು ನೋಡಿ!

ಗುಂಡ್ಯ ದಾಟಿ ನೆಲ್ಯಾಡಿ ಹತ್ತಿರ ಚೆಕಿಂಗ್‌ನವರು ಕೈ ಅಡ್ಡ ಹಿಡಿದರು. ಚಾಲಕ ಫೋನ್ ಮಾಡಿ, "ಅಣ್ಣಾ, ಇ-ವೇ ಇದೆ ಅಂದ್ರೆ ಈ ಬಿಲ್ಲಿಂದಲ್ಲ ಅಂತಾರೆ, ಏನ್ಮಾಡ್ಲಿ?" ಎಂದ. ಅಧಿಕಾರಿಯ ವಾದ ಸರಳವಾಗಿತ್ತು. ಇದು ಮಾರಾಟದ ಮಾಲು, ಇನ್‌ವಾಯ್ಸ್ ಇದೆ, ಈ ಇನ್‌ವಾಯ್ಸಿಗೆ ಇ-ವೇ ಬಿಲ್ ಇಲ್ಲ. ಆ ಇನ್ನೊಂದು ಇ-ವೇ ಬಿಲ್ `Others` ಎನ್ನುತ್ತಿದೆ, ಆ ಮಾಲು ಬೇರೆ ಯಾವುದೋ ಗಾಡಿಯಲ್ಲಿ ಹೋಗಿಲ್ಲ ಎಂದು ನಂಬುವುದು ಹೇಗೆ?

ನಮ್ಮ ಯಜಮಾನರು 2018ರ ಸೆಪ್ಟೆಂಬರ್ 14ರ 64ನೇ ಸುತ್ತೋಲೆ ಹಿಡಿದು ವಾದಿಸಿದರು. ಸಣ್ಣಪುಟ್ಟ ತಪ್ಪಿಗೆ ಸಿಜಿಎಸ್‌ಟಿ ₹500, ಎಸ್‌ಜಿಎಸ್‌ಟಿ ₹500, ಒಟ್ಟು ₹1,000 ದಂಡ ಸಾಕು ಎನ್ನುವ ಸುತ್ತೋಲೆ ಅದು. ಆದರೆ ದಾಖಲೆ ನಂಬರಿನ ವಿಚಾರದಲ್ಲಿ ಅದು ಮಾಫಿ ಕೊಡುವುದು ಒಂದೆರಡು ಅಂಕಿ ತಪ್ಪಿದ್ದರೆ ಮಾತ್ರ. ನಮ್ಮದು ಪೂರಾ ಬೇರೆ ಸರಣಿಯ ನಂಬರು. ಅಲ್ಲೇ ನಿಂತು ಹಳೆಯದನ್ನು ರದ್ದು ಮಾಡಿ ಹೊಸದು ಎತ್ತೋಣವೆಂದರೆ ಅದೂ ಆಗಲಿಲ್ಲ. ಪಾರ್ಟ್ ಎಯನ್ನು ತಿದ್ದಲು ಬರುವುದಿಲ್ಲ, 24 ಗಂಟೆಯೊಳಗೆ ರದ್ದು ಮಾಡಬಹುದಷ್ಟೆ. ದಾರಿಯಲ್ಲಿ ಅಧಿಕಾರಿ ಪರಿಶೀಲಿಸಿಬಿಟ್ಟರೆ ಆ ದಾರಿಯೂ ಮುಚ್ಚುತ್ತದೆ. ಮೊದಲು ಚಾಲಕನ ಹೇಳಿಕೆ, ಆಮೇಲೆ ತಡೆಹಿಡಿದ ಆದೇಶ, ಆಮೇಲೆ ಮೂವ್-07 ನೋಟಿಸ್ ಬಂತು. 129ನೇ ಕಲಮಿನಲ್ಲಿ ಮಾಲೀಕರೇ ಮುಂದೆ ಬಂದರೆ ತೆರಿಗೆಯ ಶೇ 200 ದಂಡ. ₹34,020ರ ಎರಡರಷ್ಟು. ಬ್ಯಾಂಕ್ ಗ್ಯಾರಂಟಿ ಕೊಟ್ಟು ಮಾಲು ಬಿಡಿಸಿಕೊಂಡು ವಾದ ಮುಂದುವರಿಸುವ ದಾರಿಯೂ ಇತ್ತು. ಆದರೆ ಪುತ್ತೂರಿನವರು ಪೈಪಿಗೆ ಕಾಯುತ್ತಿದ್ದರು, ಲಾರಿಯವರು ನಿಲುಗಡೆಗೆ ದಿನದ ಲೆಕ್ಕ ಹಾಕುತ್ತಿದ್ದರು. ಕಟ್ಟಿಬಿಟ್ಟರು. ನಿಮಗೆ ಹೀಗಾದರೆ, ಕಟ್ಟಿದರೂ ಮೂವ್-09 ಆದೇಶವನ್ನು ಕೇಳಿ ಪಡೆಯಿರಿ. ಅಪೀಲಿಗೆ ಹೋಗುವುದಾದರೆ ಅದೇ ಆಧಾರ.

ಸಾಫ್ಟ್‌ವೇರ್ ಕಂಪನಿಯವರ ಉತ್ತರ ಒಂದೇ ಸಾಲಿನದು: "ನೀವು ಡಿಸಿಗೇ ಬೇಕು ಅಂದಿದ್ರಿ." ಅವರಿಗೆ ಅಂಥ ಪತ್ರ ಯಾರೂ ಕೊಟ್ಟಿರಲಿಲ್ಲ. ಇರಲಿ.

ಬಾಡಿಗೆಯ ಕಡೆಯೂ ಅವರು ಒಂದು ಗಂಟು ಹಾಕಿಟ್ಟಿದ್ದು ಆಮೇಲೆ ಬಯಲಾಯಿತು. ರೂಟ್ ಮಾಸ್ಟರಿನ ಕಿಲೋಮೀಟರ್ ಒಂದೇ ಅಂಕಣ. ಅದರಿಂದಲೇ ಬಾಡಿಗೆಯ ಸ್ಲ್ಯಾಬ್, ಅದರಿಂದಲೇ ಇ-ವೇ ಬಿಲ್ಲಿನ ದೂರ. ಶಿರಾಡಿ ಮುಚ್ಚಿದಾಗ ಮಡಿಕೇರಿ, ಸಂಪಾಜೆ ಮೇಲೆ ಸುತ್ತಿ ಪುತ್ತೂರಿಗೆ ಹೋದರೆ 50 ಕಿ.ಮೀ.ಗೂ ಹೆಚ್ಚು ದಾರಿ. ಆ ದೂರವನ್ನು ಮಾಸ್ಟರಿಗೆ ಹಾಕಿದರೆ ಬಾಡಿಗೆ ಸರಿ ಬರುತ್ತದೆ, ಇ-ವೇ ಬಿಲ್ ತಿರಸ್ಕಾರವಾಗುತ್ತದೆ. ಎರಡು ಪಿನ್‌ಕೋಡ್‌ಗಳ ನಡುವೆ ಪೋರ್ಟಲ್ ತಾನು ಲೆಕ್ಕ ಹಾಕಿದ ದೂರಕ್ಕಿಂತ ಶೇ 10ರಷ್ಟು ಮಾತ್ರ ಹೆಚ್ಚು ಹಾಕಲು ಬಿಡುತ್ತದೆ. ಹಾಗಾಗಿ ಗೋಡೌನಿನ ಹುಡುಗರು ದೂರ ತಗ್ಗಿಸಿ ಹಾಕುತ್ತಿದ್ದರು. ಮಳೆಗಾಲದುದ್ದಕ್ಕೂ ಪಾರ್ಟಿಗೆ ಕಡಿಮೆ ಬಾಡಿಗೆ ಬಿಲ್ ಆಗುತ್ತಿತ್ತು, ಲಾರಿಯವರಿಗೆ ಸುತ್ತುದಾರಿಯ ಬಾಡಿಗೆ ನಾವು ಕೊಡುತ್ತಿದ್ದೆವು. ನಷ್ಟ ಎಲ್ಲಿಂದ ಸೋರುತ್ತಿದೆ ಎಂದು ವರ್ಷದ ಕೊನೆಯ ಲೆಕ್ಕದಲ್ಲೂ ಕಾಣುವುದಿಲ್ಲ.

ಈಗ ಎರಡನ್ನೂ ಬೇರೆ ಅಂಕಣ ಮಾಡಿಸಿದ್ದೇವೆ. ಬಾಡಿಗೆಗೆ ನಿಜವಾಗಿ ಓಡುವ ದಾರಿ. ಇ-ವೇ ಬಿಲ್ಲಿಗೆ ಸೊನ್ನೆ ಹಾಕಿದರೆ ಪೋರ್ಟಲ್ ತಾನೇ ಪಿನ್‌ಕೋಡ್ ನೋಡಿ ದೂರ ತುಂಬಿಕೊಳ್ಳುತ್ತದೆ. ಸುತ್ತುದಾರಿಗೆ ಅವಧಿ ಸಾಲದೆ ಹೋಗಬಹುದು ಎಂಬ ಭಯ ಬೇಡ. 200 ಕಿ.ಮೀ.ಗೆ ಒಂದು ದಿನ, ಆ ದಿನ ಮುಗಿಯುವುದು ಮರುದಿನದ ನಡುರಾತ್ರಿಗೆ. ಮಣ್ಣು ಕುಸಿದು ಲಾರಿ ನಿಂತೇಬಿಟ್ಟರೆ, ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ 8 ಗಂಟೆ ನಂತರದವರೆಗೆ ಕಾರಣ ಬರೆದು ವಿಸ್ತರಿಸಬಹುದು.

ಡಿಸಿಯಿಂದ ಇ-ವೇ ಎತ್ತುವ ಗುಂಡಿಯನ್ನು ತೆಗೆಸಿದೆವು. ಬಾಡಿಗೆ ಖಾನೆ ಖಾಲಿ ಇದ್ದರೆ ಇನ್‌ವಾಯ್ಸ್ ಸಬ್ಮಿಟ್ ಆಗುವುದಿಲ್ಲ, ಇನ್‌ವಾಯ್ಸ್ ಆಗದೆ ಇ-ವೇ ಏಳುವುದಿಲ್ಲ. ಗೇಟಿನಲ್ಲಿ ಪಾಸು ಕೊಡುವವರು ಇ-ವೇ ಪ್ರಿಂಟಿನ `Document Details` ಸಾಲಿನ ನಂಬರನ್ನೂ ಇನ್‌ವಾಯ್ಸಿನ ನಂಬರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಆಮೇಲೆ ಗಾಡಿ ನಂಬರು. ನಿಮ್ಮ ಹಳೆಯ ಡಿಸಿಗಳಲ್ಲಿ ಒಂದನ್ನು ತೆರೆದು ನೋಡಿ: ಅಲ್ಲಿ ಒಂದು ಇ-ವೇ ನಂಬರು, ಅದೇ ಮಾಲಿನ ಇನ್‌ವಾಯ್ಸಿನಲ್ಲಿ ಇನ್ನೊಂದು ಇದ್ದರೆ, ಲೆಕ್ಕದವರು ಕಾಣದೆ ಎರಡನೆಯದನ್ನು ಎತ್ತಿದ್ದಾರೆ ಎಂದರ್ಥ. ಅಂಥದ್ದು ಇನ್ನೂ 24 ಗಂಟೆಯೊಳಗಿದ್ದರೆ ಡಿಸಿಯದನ್ನು ಕೂಡಲೇ ರದ್ದು ಮಾಡಿ.