ಹಿರಿಯರು ಊಟ ಬಿಟ್ಟರೆ ಮೊದಲು ಬಾಯಿ ನೋಡಿ, ಆಮೇಲೆ ಹೊಟ್ಟೆ

ಮನೆಯಲ್ಲಿ ಹಲ್ಲಿನ ಸೆಟ್ ಹಾಕಿಸಿಕೊಂಡ ಹಿರಿಯರಿದ್ದರೆ, ಅದರಲ್ಲೂ ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಸರಿಯಾಗಿ ಕೂರದ ಒಂದು ಸೆಟ್‌ನಿಂದ ನಮ್ಮ ಮಾವನವರಿಗೆ ಊಟ ಕಮ್ಮಿಯಾಯಿತು, ಅಜೀರ್ಣ ಶುರುವಾಯಿತು, ಕೊನೆಗೆ ಸಕ್ಕರೆ ಇಳಿದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಯವರೆಗೂ ಔಷಧಿ ನಡೆದಿದ್ದು ಹೊಟ್ಟೆಗೆ ಮಾತ್ರ. ಬಾಯಿ ತೆಗೆಸಿ ನೋಡಿದ ಡಾಕ್ಟರು ಒಬ್ಬರೂ ಇರಲಿಲ್ಲ.

ನಾವಿರುವುದು ಡೊಂಬಿವಲಿಯಲ್ಲಿ. ಮಾವನವರು ಧಾರವಾಡದ ಕಡೆಯವರು. ಅತ್ತೆ ತೀರಿಕೊಂಡ ಮೇಲೆ ಇಲ್ಲಿಗೆ ಬಂದರು. ಎಪ್ಪತ್ತು ದಾಟಿದೆ. ಮೇಲಿನ ಹಲ್ಲು ಊರಲ್ಲೇ ಹೋಗಿದ್ದವು, ಕೆಳಗೆ ಐದಾರು ಅಲ್ಲಾಡುವ ಹಲ್ಲು ಉಳಿದಿದ್ದವು. ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಅವನ್ನೆಲ್ಲ ಕಿತ್ತರು. ಅದಾಗಿ ಎಂಟು ದಿನಕ್ಕೇ ಅಳತೆ ತೆಗೆದರು, ಮುಂದಿನ ವಾರ ಸೆಟ್ ಕೈಗಿಟ್ಟರು. ದುಡ್ಡು ಪೂರ್ತಿ ಮೊದಲೇ ತೆಗೆದುಕೊಂಡಿದ್ದರು. ನೋವಾಗುತ್ತದೆ ಅಂತ ಹೋದರೆ ಸಿಕ್ಕ ಉತ್ತರ ಒಂದೇ: "ಹೊಸದು, ಅಭ್ಯಾಸ ಆಗಬೇಕು."

ಇಲ್ಲಿ ತಿಳಿದುಕೊಳ್ಳಬೇಕಾದದ್ದು ಏನೆಂದರೆ, ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಕರಗುತ್ತಾ ಹೋಗುತ್ತದೆ. ಮೊದಲ ಆರು ತಿಂಗಳಲ್ಲಿ ಜಾಸ್ತಿ, ಆಮೇಲೆ ನಿಧಾನ. ಎಂಟು ದಿನದ ವಸಡಿನ ಅಳತೆಗೆ ಮಾಡಿದ ಸೆಟ್ ಮೂರು ತಿಂಗಳ ವಸಡಿಗೆ ಕೂರುವುದಿಲ್ಲ. ಬಾವು ಬಂದ ಕಾಲಿಗೆ ಚಪ್ಪಲಿ ಅಳತೆ ಕೊಟ್ಟ ಹಾಗೆ. ಬೇಗ ಸೆಟ್ ಹಾಕುವುದೇ ತಪ್ಪು ಅಂತಲ್ಲ. ಹಾಗೆ ಹಾಕುವ ಪದ್ಧತಿಯೂ ಇದೆ. ಆದರೆ ಅದು ತಾತ್ಕಾಲಿಕ, ಕೆಲವು ತಿಂಗಳಲ್ಲಿ ಒಳಗಡೆ ಹೊಸ ಪದರ ಕೊಡಿಸಬೇಕು ಇಲ್ಲವೇ ಬೇರೆಯದೇ ಮಾಡಿಸಬೇಕು ಎಂದು ಮೊದಲೇ ಹೇಳಬೇಕು. ನಮಗೆ ಅವರು ಹೇಳಿದ್ದು "ಲೈಫ್‌ಟೈಮ್ ಸೆಟ್" ಎಂದು.

ಕೆಳಗಿನ ಸೆಟ್‌ಗೆ ಮತ್ತೊಂದು ಕಷ್ಟ ಇದೆ. ಮೇಲಿನದು ಅಂಗುಳಕ್ಕೆ ಪೂರ್ತಿ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆ ಇಲ್ಲ, ನಡುವೆ ನಾಲಿಗೆ ಬೇರೆ ಆಡುತ್ತಿರುತ್ತದೆ. ಮೂಳೆ ಸವೆದಷ್ಟೂ ಅದು ತೇಲುತ್ತದೆ. ತೇಲುವ ಸೆಟ್‌ನ ಅಂಚು ಒಂದೇ ಜಾಗಕ್ಕೆ ಉಜ್ಜಿ ಉಜ್ಜಿ ಹುಣ್ಣು ಮಾಡುತ್ತದೆ. ಚೆನ್ನಾಗಿ ಕೂತ ಸೆಟ್‌ನಲ್ಲೇ ಸ್ವಂತ ಹಲ್ಲಿನ ಬಲದ ಕಾಲು ಭಾಗ ಸಿಕ್ಕರೆ ಹೆಚ್ಚು. ಹುಣ್ಣಿದ್ದರೆ ಅದೂ ಇಲ್ಲ.

ಮಾವನವರು ನೋವು ಅಂತ ಬಾಯಿಬಿಟ್ಟು ಹೇಳುವವರಲ್ಲ. ಹೇಳಿದ್ದು ಅವರ ತಟ್ಟೆ. ಮೊದಲು ಜೋಳದ ರೊಟ್ಟಿ ಹೋಯಿತು. ಆಮೇಲೆ ಚಪಾತಿಯನ್ನು ಹಾಲಿಗೆ ಮುರಿದು ಹಾಕಿಕೊಳ್ಳತೊಡಗಿದರು. ಹುರುಳಿಕಾಯಿ ಪಲ್ಯ ಮಾಡಿದ ದಿನ ತಟ್ಟೆಯ ಅಂಚಿಗೆ ನಾರಿನ ಸಣ್ಣ ಸಣ್ಣ ಉಂಡೆಗಳು ಬಂದು ಕೂರುತ್ತಿದ್ದವು. ಅಗಿದು, ನುಂಗಲಾಗದೆ, ಬೆರಳಲ್ಲಿ ಮೆಲ್ಲಗೆ ತೆಗೆದಿಟ್ಟವು. ಆಮೇಲಾಮೇಲೆ ಊಟಕ್ಕೆ ಕೂರುವ ಮುಂಚೆ ಸೆಟ್ ತೆಗೆದು ಕರ್ಚೀಫಿನಲ್ಲಿ ಸುತ್ತಿ ಅಂಗಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಜನರ ಎದುರು ಹಲ್ಲು, ಊಟಕ್ಕೆ ಬೋಳು ವಸಡು. ಎರಡನೇ ಸಲ ಅನ್ನ ಬಡಿಸಲು ಹೋದರೆ "ಸಾಕವ್ವಾ, ಹೊಟ್ಟಿ ತುಂಬೇತಿ" ಅನ್ನುವರು.

ಅಗಿಯದೆ ನುಂಗಿದ ಆಹಾರ ಹೊಟ್ಟೆಗೆ ಭಾರ. ದೊಡ್ಡ ತುಂಡನ್ನು ಅರೆದು ಮುಂದೆ ಕಳಿಸಲು ಹೊಟ್ಟೆಗೆ ಜಾಸ್ತಿ ಹೊತ್ತು ಬೇಕು. ನಾಲ್ಕು ತುತ್ತಿಗೇ ತುಂಬಿದ ಹಾಗಾಗುತ್ತದೆ, ತೇಗು ಬರುತ್ತದೆ. ಇಡೀ ಇಡೀ ಕಾಳು, ಸಿಪ್ಪೆ, ನಾರು ಹಾಗೆಯೇ ದೊಡ್ಡ ಕರುಳಿಗೆ ಇಳಿದು ಗ್ಯಾಸ್ ಆಗುತ್ತದೆ. ಮಲದಲ್ಲಿ ಕಾಳಿನ ಚೂರು ಹಾಗೇ ಕಾಣುತ್ತವೆ. ಮಾವನವರು ಸಂಕೋಚದಿಂದ ಇದನ್ನು ನಮ್ಮವರಿಗೆ ಮಾತ್ರ ಹೇಳಿದ್ದರು. ನಾರಿನ ಪದಾರ್ಥವೆಲ್ಲ ಬಿಟ್ಟು ಬರೀ ಮೆತ್ತಗಿನ ಅನ್ನಕ್ಕೆ ಇಳಿದ ಮೇಲೆ ಮಲಬದ್ಧತೆಯೂ ಸೇರಿಕೊಂಡಿತು.

ಹತ್ತಿರದ ಜನರಲ್ ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಬರೆದರು. ಗ್ಯಾಸ್‌ಗೆ ಒಂದು ಸಿರಪ್. ಹುಣ್ಣಿನ ಉರಿ ತಡೆಯಲಾಗದೆ ಮಾವನವರು ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತರಿಸಿ ನುಂಗುತ್ತಿದ್ದರು, ಅದೂ ಅರ್ಧಂಬರ್ಧ ಉಂಡ ಹೊಟ್ಟೆಗೆ. ಈ ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನೇ ಕೆಡಿಸುತ್ತದೆ. ವಯಸ್ಸಾದವರ ಕಿಡ್ನಿಗೂ ಒಳ್ಳೆಯದಲ್ಲ. ಅಂದರೆ ಬಾಯಿ ನೋವಿಗೆ ಮಾತ್ರೆ, ಆ ಮಾತ್ರೆಯಿಂದ ಉರಿ, ಉರಿಗೆ ಇನ್ನೊಂದು ಮಾತ್ರೆ. ಹುಣ್ಣು ಇದ್ದಲ್ಲೇ ಇತ್ತು.

ಅಪಾಯ ಬಂದದ್ದು ಬೇರೆ ದಿಕ್ಕಿನಿಂದ. ಅವರಿಗೆ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಇರುವ ಮಾತ್ರೆ ಇದೆ, ಬೆಳಗಿನ ತಿಂಡಿಯ ಜೊತೆ. ತಿಂದರೂ ತಿನ್ನದಿದ್ದರೂ ಅದು ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ಏನೂ ಹೋಗದಿದ್ದರೆ ಸಕ್ಕರೆ ಕುಸಿಯುತ್ತದೆ. ಒಂದು ಬೆಳಿಗ್ಗೆ ಉಪ್ಪಿಟ್ಟು ಎರಡು ಚಮಚ ತಿಂದು ಬಿಟ್ಟಿದ್ದರು, ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ. ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ. ಗ್ಲುಕೋಮೀಟರ್‌ನಲ್ಲಿ 52 ಬಂತು. 70ಕ್ಕಿಂತ ಕೆಳಗೆ ಬಂದರೇ ಅದು ಕಡಿಮೆ. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದೆವು. ಏರಿತ್ತು. ಆದರೂ ಆಸ್ಪತ್ರೆಗೆ ಕರೆದೊಯ್ದೆವು. ಈ ಮಾತ್ರೆಯ ಪ್ರಭಾವ ದಿನವಿಡೀ ಇರುತ್ತದೆ, ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದವರಿಗೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಓಡಿ.

ಅಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ "ಇವರು ಊಟ ಮಾಡುವಾಗ ಹಲ್ಲು ಹಾಕಿರುತ್ತಾರಾ, ತೆಗೆದಿರುತ್ತಾರಾ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಟಾರ್ಚ್ ಹಿಡಿದು ನೋಡಿದರು. ಕೆಳ ವಸಡಿನ ಎಡ ಪಕ್ಕ, ನಾಲಿಗೆಯ ಕಡೆಗೆ, ಬೆರಳಿನ ಉಗುರಿನಷ್ಟು ಉದ್ದದ ಹುಣ್ಣು. ನಡುವೆ ಹಳದಿ, ಸುತ್ತ ಕೆಂಪು. ಸೆಟ್‌ನ ಅಂಚು ಹೇಗಿತ್ತೋ ಹುಣ್ಣೂ ಅದೇ ಗೆರೆಯಲ್ಲಿತ್ತು. ಮೇಲಿನ ಅಂಗುಳ ಪೂರ್ತಿ ಕೆಂಪಾಗಿತ್ತು. ರಾತ್ರಿಯೂ ಸೆಟ್ ತೆಗೆಯದೆ ಮಲಗುವವರಿಗೆ ಬರುವ ಫಂಗಸ್ ಅದು.

ಆಮೇಲೆ ಅವರನ್ನು ಡೆಂಟಲ್ ಕಾಲೇಜಿಗೆ ತೋರಿಸಿದೆವು. ಅಲ್ಲಿ ಮೊದಲು ಮಾಡಿದ್ದು ಹುಣ್ಣಿನ ಅಂಚನ್ನು ಬೆರಳಲ್ಲಿ ಒತ್ತಿ ಗಟ್ಟಿಯಿದೆಯಾ ಅಂತ ನೋಡಿದ್ದು, ಕುತ್ತಿಗೆಯ ಗಂಟು ಮುಟ್ಟಿ ನೋಡಿದ್ದು. ಮಾವನವರಿಗೆ ಮೊದಲು ಎಲೆ ಅಡಿಕೆ ಜೊತೆ ತಂಬಾಕಿನ ರೂಢಿ ಇತ್ತು. ಉಜ್ಜುವ ಸೆಟ್ ತೆಗೆದಿಟ್ಟರೆ ಇಂಥ ಹುಣ್ಣು ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನದಲ್ಲಿ ಮಾಯುತ್ತದೆ. ಹಾಗೆ ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು, ಕ್ಯಾನ್ಸರ್ ಅಲ್ಲ ಅಂತ ಖಚಿತ ಆಗಬೇಕು ಎಂದರು. ದೇವರ ದಯೆ, ಮಾಯಿತು. ಸೆಟ್ ಉಜ್ಜಿ ಆದ ಹುಣ್ಣು ಎಂದು ತಿಂಗಳುಗಟ್ಟಲೆ ಜೆಲ್ ಹಚ್ಚುತ್ತಾ ಕೂರಬೇಡಿ ಅನ್ನುವುದು ಇದಕ್ಕೇ.

ಅಂಗುಳದ ಫಂಗಸ್‌ಗೆ ಹಚ್ಚಲು ಔಷಧಿ ಕೊಟ್ಟರು. ಹುಣ್ಣು ಮಾಯ್ದ ಮೇಲೆ ಸೆಟ್‌ನ ಒಳಗೆ ಬಿಳಿ ಪೇಸ್ಟ್ ಬಳಿದು, ಬಾಯಲ್ಲಿಟ್ಟು ಒತ್ತಿ ತೆಗೆದರು. ಎಲ್ಲಿ ಜಾಸ್ತಿ ಒತ್ತುತ್ತದೋ ಅಲ್ಲಿ ಪೇಸ್ಟ್ ಅಳಿಸಿ ಗುಲಾಬಿ ಬಣ್ಣ ಕಾಣುತ್ತದೆ. ಅಷ್ಟೇ ಜಾಗವನ್ನು ತಿಕ್ಕಿ ಸವೆಸಿ, ಒಳಗೆ ಮೆತ್ತನೆಯ ತಾತ್ಕಾಲಿಕ ಪದರ ಹಾಕಿಕೊಟ್ಟರು. ದಯವಿಟ್ಟು ಮನೆಯಲ್ಲಿ ಉಗುರಿನ ಅರ, ಬ್ಲೇಡು ತೆಗೆದುಕೊಂಡು ಕೆರೆಯಬೇಡಿ. ಒಂದು ಕಡೆ ಕೆರೆದರೆ ಭಾರ ಇನ್ನೊಂದು ಕಡೆಗೆ ಹೋಗುತ್ತದೆ.

ಕೆಲವು ತಿಂಗಳು ಬಿಟ್ಟು, ವಸಡು ಗಟ್ಟಿಯಾದ ಮೇಲೆ ಹೊಸ ಸೆಟ್ ಮಾಡಿದರು. ಆಗ ಗೊತ್ತಾಯಿತು ಮೊದಲನೆಯವರು ಏನೇನು ಬಿಟ್ಟಿದ್ದರು ಅಂತ. ಒಂದು ಅಳತೆ ತೆಗೆದು ಬಾಯಿಗೆ ತಕ್ಕ ಟ್ರೇ ಮಾಡಿಸಿದರು, ಆ ಟ್ರೇಯಲ್ಲಿ ಎರಡನೇ ಅಳತೆ. ಮುಂದಿನ ಸಲ ಮೇಣದ ಕಟ್ಟೆ ಇಟ್ಟು ಬಾಯಿ ಮುಚ್ಚಿದಾಗಿನ ಎತ್ತರ ಗೊತ್ತು ಮಾಡಿದರು. ಆಮೇಲೆ ಮೇಣದಲ್ಲೇ ಹಲ್ಲು ಕೂರಿಸಿ ಹಾಕಿ ನೋಡಿದರು, ಮಾತಾಡಿಸಿದರು. ಅದು ಒಪ್ಪಿಗೆಯಾದ ಮೇಲೇ ಗಟ್ಟಿ ಸೆಟ್. ಕೊಟ್ಟ ಮರುದಿನ ಒಮ್ಮೆ, ವಾರಕ್ಕೆ ಒಮ್ಮೆ ಕರೆಸಿ ಒತ್ತುವ ಜಾಗ ಸರಿಮಾಡಿದರು. ಮೊದಲ ಕ್ಲಿನಿಕ್‌ನಲ್ಲಿ ಒಂದೇ ಅಳತೆ, ಮೇಣದ ನೋಟ ಇಲ್ಲವೇ ಇಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ ಕೇಳಿ: ಮೇಣದಲ್ಲಿ ಹಾಕಿ ತೋರಿಸುತ್ತೀರಾ? ಕೊಟ್ಟ ಮೇಲಿನ ಸರಿಪಡಿಸುವಿಕೆ ಈ ದುಡ್ಡಿನಲ್ಲೇ ಸೇರಿದೆಯಾ? ಮೂಳೆ ಸವೆದ ಮೇಲೆ ಒಳಪದರಕ್ಕೆ ಎಷ್ಟು? ಉತ್ತರ ಹಾರಿಸಿದರೆ ಎದ್ದು ಬನ್ನಿ. ಮುಂಬೈಯಲ್ಲಿ ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರ್ಕಾರಿ ಡೆಂಟಲ್ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜು ಇವೆ. ಸಮಯ ಹಿಡಿಯುತ್ತದೆ, ಸಾಲು ಇರುತ್ತದೆ, ಆದರೂ ಅಲ್ಲಿ ವಿಚಾರಿಸಬಹುದು.

ಬಾಯಿ ಮಾಯುವ ತನಕ ಊಟದ ವಿಷಯ. ಬರೀ ಗಂಜಿ ಕುಡಿಸಿದರೆ ಸಕ್ಕರೆ ಸರ್ರನೆ ಏರುತ್ತದೆ, ಶಕ್ತಿ ಬರುವುದಿಲ್ಲ. ನಾವು ಹೆಸರುಬೇಳೆ ಹಾಕಿದ ಮೆತ್ತಗಿನ ಕಿಚಡಿ, ತೊವ್ವೆ, ಹುಳಿಯಿಲ್ಲದ ಮೊಸರು, ಬೇಯಿಸಿ ಕಿವುಚಿದ ಕುಂಬಳ, ಸೋರೆ ಕೊಟ್ಟೆವು. ಕಾಳನ್ನು ಚೆನ್ನಾಗಿ ಬೇಯಿಸಿ ಮಿಕ್ಸಿಗೆ ಹಾಕಿ ಸೋಸಿ ಸಾರು ಮಾಡಿದೆವು. ಮೊಟ್ಟೆ ತಿನ್ನುವವರಿಗೆ ಅದು ಇನ್ನೂ ಸುಲಭ. ಖಾರ, ಹುಳಿ, ಬಿಸಿಬಿಸಿ ಬೇಡ. ಮುಖ್ಯವಾಗಿ ಸಕ್ಕರೆ ಮಾತ್ರೆ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಊಟ ಇಷ್ಟೇ ಆಗುತ್ತಿದೆ, ಡೋಸ್ ಏನು ಮಾಡಲಿ ಎಂದು ಕೇಳಿ. ನಮಗೆ ಅವರು ಅರ್ಧ ಮಾಡಿದರು. ನೀವಾಗಿ ನೀವೇ ಬದಲಾಯಿಸಬೇಡಿ.

ಸೆಟ್ ರಾತ್ರಿ ತೆಗೆದು ತಣ್ಣೀರಿನ ಡಬ್ಬಿಯಲ್ಲಿಡಿ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಮೆತ್ತನೆಯ ಬ್ರಷ್, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಸಾಕು.

ನೋವಿರುವ ಸೆಟ್ ತೋರಿಸಲು ಹೋಗುವಾಗ ಒಂದು ವಿಷಯ. ವಾರಗಟ್ಟಲೆ ತೆಗೆದಿಟ್ಟು, ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಬಾಯಲ್ಲಿ ಗುರುತೇ ಇರುವುದಿಲ್ಲ, ಎಲ್ಲಿ ಒತ್ತುತ್ತದೆ ಅಂತ ಅವರಿಗೂ ಕಾಣುವುದಿಲ್ಲ. ತಡೆಯುವಷ್ಟು ನೋವಾದರೆ, ಹೋಗುವ ಮುಂಚೆ ಕೆಲವು ಗಂಟೆ ಹಾಕಿಕೊಂಡು ಹೋಗಿ. ಆಗ ಕೆಂಪು ಗುರುತು ತಾನೇ ಜಾಗ ತೋರಿಸುತ್ತದೆ.