ಅಧ್ಯಯನಕ್ಕೊಂದು ಸಾಲೋ, ಫಲಿತಾಂಶಕ್ಕೊಂದು ಸಾಲೋ? ಸಿಸ್ಟಮ್ಯಾಟಿಕ್ ರಿವ್ಯೂ ಡೇಟಾ ಶೀಟ್‌ನ ಮೂರು ಬಗೆಗಳ ಹೋಲಿಕೆ

ಪ್ರಬಂಧಗಳಿಂದ ಅಧ್ಯಯನದ ವಿನ್ಯಾಸ, ಫಲಿತಾಂಶದ ಅಳತೆಗಳು, ಪಕ್ಷಪಾತದ ಅಪಾಯ ಈ ಮೂರನ್ನೂ ಹೆಕ್ಕಿ ಶೀಟ್‌ಗೆ ತುಂಬುವಾಗ ಮೊದಲು ತೀರ್ಮಾನವಾಗಬೇಕಾದದ್ದು ಒಂದೇ: ಒಂದು ಸಾಲು ಯಾವುದನ್ನು ಪ್ರತಿನಿಧಿಸುತ್ತದೆ? ಮೂರು ಬಗೆಯ ಶೀಟ್‌ಗಳನ್ನೂ ಬಳಸಿ ನೋಡಿದ ಮೇಲೆ ನಮ್ಮ ಒಲವು ಮೂರನೆಯದರ ಕಡೆಗಿದೆ. ಹಾಗೆಂದು ಉಳಿದೆರಡು ಕೆಲಸಕ್ಕೆ ಬಾರದವು ಎಂದಲ್ಲ.

ಹೋಲಿಕೆಗೆ ಒಂದು ಕಾಲ್ಪನಿಕ ಪ್ರಯೋಗವನ್ನು ಇಟ್ಟುಕೊಳ್ಳೋಣ. ಮೊಣಕಾಲು ನೋವಿಗೆ ವ್ಯಾಯಾಮ, ಎರಡು ಗುಂಪು, ಪ್ರತಿ ಗುಂಪಿನಲ್ಲಿ 36 ಜನ. ನೋವು ಮತ್ತು ನಡಿಗೆಯ ವೇಗ ಎರಡನ್ನೂ 6ನೇ ಮತ್ತು 24ನೇ ವಾರದಲ್ಲಿ ಅಳೆದಿದ್ದಾರೆ. ಅಂದರೆ ಪ್ರಯೋಗ ಒಂದು, ಫಲಿತಾಂಶ ನಾಲ್ಕು.

ಅಧ್ಯಯನಕ್ಕೊಂದು ಸಾಲು

ಎಲ್ಲರೂ ಮೊದಲು ಮಾಡುವ ಶೀಟ್ ಇದೇ. ಪ್ರತಿ ಫಲಿತಾಂಶಕ್ಕೂ ಎರಡು ಗುಂಪಿನ ಸಂಖ್ಯೆ, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಎಸ್‌ಡಿ ಸೇರಿ ಆರು ಕಾಲಂ ಬೇಕು. ನಾಲ್ಕು ಫಲಿತಾಂಶಕ್ಕೆ 24 ಆಯಿತು. ಮುಂದಿನ ಪ್ರಬಂಧ ಅವೇ ಎರಡು ಅಳತೆಗಳನ್ನು 8ನೇ ವಾರದಲ್ಲಿ ತೆಗೆದುಕೊಂಡಿದ್ದರೆ ಇನ್ನೂ 12. ಹೀಗೆ ಬೆಳೆದ ಶೀಟ್‌ನಲ್ಲಿ ಮುಕ್ಕಾಲು ಪಾಲು ಖಾಲಿ ಉಳಿಯುತ್ತದೆ. ಖಾಲಿ ಜಾಗಕ್ಕೆ ಮೂರು ಅರ್ಥ: ಅಳೆದೇ ಇಲ್ಲ, ಅಳೆದರೂ ವರದಿ ಮಾಡಿಲ್ಲ, ಅಥವಾ ನಾವಿನ್ನೂ ಓದಿಲ್ಲ. ಎರಡನೆಯದು ಪಕ್ಷಪಾತದ ಸುಳಿವು. ಅದು ಉಳಿದೆರಡರ ಜೊತೆ ಬೆರೆತುಹೋದರೆ ಮತ್ತೆ ಬೇರ್ಪಡಿಸಲು ಪ್ರಬಂಧವನ್ನೇ ತೆರೆಯಬೇಕು.

ಇದಕ್ಕಿಂತ ದೊಡ್ಡ ತೊಡಕು ಪಕ್ಷಪಾತದ ಕಾಲಂನಲ್ಲಿದೆ. ಪ್ರಯೋಗಗಳಲ್ಲಿ ಪಕ್ಷಪಾತದ ಅಪಾಯವನ್ನು ಅಳೆಯಲು 2019ರಲ್ಲಿ ಬಂದ ರಾಬ್ 2 ಇಡೀ ಅಧ್ಯಯನಕ್ಕೆ ಒಂದು ತೀರ್ಪು ಕೊಡುವ ಸಾಧನವಲ್ಲ. ಅದು ನಿರ್ದಿಷ್ಟ ಫಲಿತಾಂಶವೊಂದಕ್ಕೆ ತೀರ್ಪು ಕೊಡುತ್ತದೆ. ನಮ್ಮ ಉದಾಹರಣೆಯಲ್ಲಿ ನೋವಿನ ಅಂಕ ಕೊಡುವವರು ರೋಗಿಗಳೇ. ತಾವು ವ್ಯಾಯಾಮದ ಗುಂಪಿನಲ್ಲಿದ್ದೇವೆಂದು ಅವರಿಗೆ ಗೊತ್ತು. ಹಾಗಾಗಿ ರಾಬ್ 2ರ ಐದು ವಿಭಾಗಗಳ ಪೈಕಿ ಅಳತೆಗೆ ಸಂಬಂಧಿಸಿದ ನಾಲ್ಕನೆಯದರಲ್ಲಿ ಆ ಅರಿವು ಅಂಕದ ಮೇಲೆ ಪ್ರಭಾವ ಬೀರಿರಬಹುದೇ ಎಂಬ ಪ್ರಶ್ನೆಗೆ ‘ಹೌದು’ ಎನ್ನಬೇಕಾಗುತ್ತದೆ. ಬೀರಿರುವ ಸಂಭವ ಕಡಿಮೆ ಎನಿಸಿದರೆ ‘ಸ್ವಲ್ಪ ಆತಂಕ’, ಹೆಚ್ಚು ಎನಿಸಿದರೆ ‘ಹೆಚ್ಚಿನ ಅಪಾಯ’. ನಡಿಗೆಯ ವೇಗವನ್ನು ಗುಂಪಿನ ಗುರುತು ಗೊತ್ತಿಲ್ಲದ ವ್ಯಕ್ತಿ ಗಡಿಯಾರ ಹಿಡಿದು ಅಳೆದಿದ್ದರೆ ಅದೇ ವಿಭಾಗ ‘ಕಡಿಮೆ ಅಪಾಯ’ಕ್ಕೆ ಬರಬಹುದು. ಇನ್ನು 6ನೇ ವಾರದಲ್ಲಿ ಇಬ್ಬರು ಮಾತ್ರ ಬಿಟ್ಟುಹೋಗಿ 24ನೇ ವಾರದ ಹೊತ್ತಿಗೆ ಮೂರನೇ ಒಂದು ಭಾಗ ಬಿಟ್ಟುಹೋಗಿದ್ದರೆ, ಕಾಣೆಯಾದ ಡೇಟಾದ ವಿಭಾಗವೂ ವಾರದಿಂದ ವಾರಕ್ಕೆ ಬೇರೆಯಾಗುತ್ತದೆ. ಒಂದೇ ಸಾಲಿನಲ್ಲಿ ಒಂದೇ ಕಾಲಂ ಇಟ್ಟವರು ಈ ನಾಲ್ಕರಲ್ಲಿ ಯಾವುದನ್ನು ಬರೆಯುತ್ತಾರೆ? ಸಾಮಾನ್ಯವಾಗಿ ಅತಿ ಕೆಟ್ಟದ್ದನ್ನು. ಆಗ ನಡಿಗೆಯ ವೇಗದ ಒಳ್ಳೆಯ ಪುರಾವೆಯೂ ಸುಮ್ಮನೆ ಕೆಳಗಿಳಿಯುತ್ತದೆ.

ಫಲಿತಾಂಶ ಮತ್ತು ಗುಂಪಿಗೊಂದು ಸಾಲು

ಇಲ್ಲಿ ಅದೇ ಪ್ರಯೋಗ ಎಂಟು ಸಾಲಾಗುತ್ತದೆ: ನಾಲ್ಕು ಫಲಿತಾಂಶ, ತಲಾ ಎರಡು ಗುಂಪು. ಹೊಸ ವಾರ ಬಂದರೂ ಮೂರನೆಯ ಗುಂಪು ಬಂದರೂ ಕಾಲಂ ಹೆಚ್ಚುವುದಿಲ್ಲ, ಸಾಲು ಹೆಚ್ಚುತ್ತದೆ. ಈ ಶೀಟ್‌ನ ನಿಜವಾದ ಲಾಭ ಬೇರೆಯೇ ಇದೆ. ಪ್ರತಿ ಅಂಕಿಯ ಪಕ್ಕದಲ್ಲೇ ಅದು ಯಾವ ಬಗೆಯ ಅಂಕಿ ಎಂದು ಬರೆಯಲು ಜಾಗವಿರುತ್ತದೆ.

ನೋವಿನ ಕೋಷ್ಟಕವನ್ನೇ ನೋಡಿ. ವ್ಯಾಯಾಮದ ಗುಂಪು 42 ± 2.5, ಹೋಲಿಕೆಯ ಗುಂಪು 48 ± 2.5, p = 0.09. ± ಅಂದರೆ ಏನು ಎಂಬುದು ಎಲ್ಲೂ ಇಲ್ಲ. ಅದು ಎಸ್‌ಡಿ ಆಗಿದ್ದರೆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 2.5 × √(2/36), ಅಂದರೆ ಸುಮಾರು 0.59. ವ್ಯತ್ಯಾಸ 6 ಇರುವುದರಿಂದ t ಹತ್ತರ ಮೇಲೆ ಹೋಗುತ್ತದೆ. ಅಂಥ t ಇದ್ದಲ್ಲಿ p ಸೊನ್ನೆಗೆ ಅಂಟಿಕೊಂಡಿರಬೇಕು, 0.09 ಬರುವುದು ಸಾಧ್ಯವೇ ಇಲ್ಲ. ಅದನ್ನೇ ಸರಾಸರಿಯ ಸ್ಟ್ಯಾಂಡರ್ಡ್ ಎರರ್, ಅಂದರೆ ಎಸ್‌ಇ ಎಂದುಕೊಂಡರೆ ವ್ಯತ್ಯಾಸದ ಎರರ್ ಸುಮಾರು 3.54, t ಸುಮಾರು 1.7, p 0.09ರ ಆಸುಪಾಸು. ಲೆಕ್ಕ ಕೂಡಿತು: ಅದು ಎಸ್‌ಇ. ಹಾಗಾದರೆ ಎಸ್‌ಡಿ 2.5 × √36 = 15. ಇದನ್ನು ಗಮನಿಸದೆ 2.5 ಅನ್ನೇ ಎಸ್‌ಡಿ ಎಂದು ತುಂಬಿದರೆ ಪರಿಣಾಮದ ಗಾತ್ರ 0.4 ಇರಬೇಕಾದದ್ದು 2.4 ಆಗುತ್ತದೆ. ಫಾರೆಸ್ಟ್ ಪ್ಲಾಟ್‌ನಲ್ಲಿ ಒಂದು ಅಧ್ಯಯನ ಮಾತ್ರ ದೂರ ಹೋಗಿ ನಿಂತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಆದ್ದರಿಂದ ಪ್ರಬಂಧದಲ್ಲಿ ಕಂಡ ಅಂಕಿಯನ್ನು `spread`ನಲ್ಲಿ ಹಾಗೆಯೇ ಬರೆದು, ಅದರ ಬಗೆಯನ್ನು `spread_type`ನಲ್ಲಿ ಬರೆಯಬೇಕು. ಪರಿವರ್ತನೆ ಮೂರನೆಯ ಕಾಲಂನಲ್ಲಿ ಸೂತ್ರದಿಂದಲೇ ಆಗಲಿ. `F` ಕಾಲಂ ವಿಶ್ಲೇಷಣೆಗೆ ಒಳಪಟ್ಟವರ ಸಂಖ್ಯೆ, `H` ಎಂದರೆ `spread`, `I` ಎಂದರೆ `spread_type`:

```
=IF(I2="SE", H2*SQRT(F2), IF(I2="SD", H2, NA()))
```

ಕ್ಯಾಲ್ಕ್ಯುಲೇಟರ್‌ನಲ್ಲಿ ಲೆಕ್ಕ ಹಾಕಿ ಉತ್ತರವನ್ನಷ್ಟೇ ತುಂಬಿದರೆ, ಆ 15 ಎಲ್ಲಿಂದ ಬಂತೆಂದು ಎರಡನೆಯ ಓದುಗರಿಗೆ ತಿಳಿಯುವುದಿಲ್ಲ.

ಈ ಬಗೆಯ ದೋಷ ಪುನರಾವರ್ತನೆ. ವಿನ್ಯಾಸವನ್ನು ಎಂಟು ಸಾಲಿನಲ್ಲೂ ಬರೆಯಬೇಕು. ಅದು ಕ್ಲಸ್ಟರ್ ಪ್ರಯೋಗ ಎಂದು ತಡವಾಗಿ ಗೊತ್ತಾದರೆ ಎಂಟನ್ನೂ ತಿದ್ದಬೇಕು, ಒಂದಾದರೂ ಹಾಗೇ ಉಳಿದುಬಿಡುತ್ತದೆ. ಇಬ್ಬರು ಬೇರೆಬೇರೆಯಾಗಿ ತುಂಬಿದ್ದನ್ನು ತಾಳೆ ನೋಡುವುದೂ ಇಲ್ಲಿ ಕಷ್ಟ. ಒಬ್ಬರು ಒಂದು ಸಾಲು ಬಿಟ್ಟರೆ ಅದರ ಕೆಳಗಿನದೆಲ್ಲ ಸರಿದು, ಇರುವ ಒಂದು ವ್ಯತ್ಯಾಸ ನೂರಾಗಿ ಕಾಣುತ್ತದೆ. ಈ ಒಂದು ವಿಷಯದಲ್ಲಿ ಅಧ್ಯಯನಕ್ಕೊಂದು ಸಾಲಿನ ಶೀಟ್ ಖಂಡಿತ ಮೇಲು.

ಮೂರು ಹಾಳೆ, ಒಂದು ಗುರುತು

ಒಂದೇ ಫೈಲಿನಲ್ಲಿ `studies`, `results`, `rob` ಎಂಬ ಮೂರು ಹಾಳೆ. ಮೊದಲನೆಯದರಲ್ಲಿ ಅಧ್ಯಯನಕ್ಕೊಂದು ಸಾಲು: ವಿನ್ಯಾಸ ಪ್ಯಾರಲಲ್ಲೋ, ಕ್ಲಸ್ಟರೋ, ಕ್ರಾಸ್‌ಓವರೋ, ನೋಂದಣಿ ಸಂಖ್ಯೆ, ಎಷ್ಟು ಜನರನ್ನು ಗುಂಪುಗಳಿಗೆ ಹಂಚಿದರು. ಒಂದೇ ಪ್ರಯೋಗದಿಂದ ಎರಡು ಪ್ರಬಂಧ ಬಂದಿರುವುದು ಬಯಲಾಗುವುದು ಬಹುಪಾಲು ನೋಂದಣಿ ಸಂಖ್ಯೆಯಿಂದಲೇ. ಹಾಗಾಗಿ `study_id` ಪ್ರಯೋಗಕ್ಕೆ ಸೇರಿದ್ದು, ಪ್ರಬಂಧಕ್ಕಲ್ಲ. ಎರಡನೆಯ ಹಾಳೆ ಮೇಲೆ ಹೇಳಿದ ಉದ್ದದ ಶೀಟೇ, ಅದಕ್ಕೆ `result_id` ಒಂದು ಸೇರುತ್ತದೆ, ಒಂದೇ ಫಲಿತಾಂಶದ ಎಲ್ಲ ಗುಂಪಿನ ಸಾಲುಗಳಿಗೂ ಅದು ಒಂದೇ. ಮೂರನೆಯದರಲ್ಲಿ ಪ್ರತಿ `result_id`ಗೆ ಒಂದು ಸಾಲು, ಐದು ವಿಭಾಗಗಳ ತೀರ್ಪು, ಪ್ರತಿಯೊಂದಕ್ಕೂ ಪ್ರಬಂಧದ ವಾಕ್ಯ ಮತ್ತು ಪುಟ ಸಂಖ್ಯೆ.

ಗುಂಪುಗಳಿಗೆ ಹಂಚಿದ ಬಗೆಯ ಕುರಿತ ಮೊದಲ ವಿಭಾಗ ನಾಲ್ಕೂ ಫಲಿತಾಂಶಕ್ಕೆ ಸಾಮಾನ್ಯವಾಗಿ ಒಂದೇ. ಅದನ್ನು `studies`ನಲ್ಲಿ ಒಮ್ಮೆ ಬರೆದು `rob`ಗೆ ಎಳೆದುಕೊಂಡರೆ ಸಾಕು. ಎರಡೂ ಹಾಳೆಗಳಲ್ಲಿ `A` ಕಾಲಂ ಎಂದರೆ `study_id`, `studies`ನ `F` ಎಂದರೆ ಆ ತೀರ್ಪು:

```
=XLOOKUP(A2, studies!A:A, studies!F:F)
```

ಕೆಡುವ ಜಾಗವೂ ಇದೇ. `S07` ಎಂದು ಒಂದು ಕಡೆ, `S07 ` ಎಂದು ಕೊನೆಗೊಂದು ಸ್ಪೇಸ್ ಬಿಟ್ಟು ಇನ್ನೊಂದು ಕಡೆ ಟೈಪ್ ಮಾಡಿದರೆ ಸೂತ್ರ `#N/A` ತೋರಿಸುತ್ತದೆ. ಕಣ್ಣಿಗೆ ಎರಡೂ ಒಂದೇ. ಗುರುತನ್ನು ಟೈಪ್ ಮಾಡಲು ಬಿಡದೆ ಡ್ರಾಪ್‌ಡೌನ್ ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಈ ಕಾಟ ತಪ್ಪುತ್ತದೆ. ಇಬ್ಬರ ಪ್ರತಿಗಳನ್ನು ತಾಳೆ ನೋಡುವಾಗಲೂ ಸಾಲಿನ ಕ್ರಮವನ್ನು ನಂಬದೆ ಅಧ್ಯಯನ, ಅಳತೆ, ವಾರ, ಗುಂಪು ನಾಲ್ಕನ್ನೂ ಜೋಡಿಸಿದ ಗುರುತಿನ ಮೇಲೆಯೇ ಹುಡುಕಬೇಕು. ಬಿಟ್ಟುಹೋದ ಸಾಲು ಆಗ `#N/A` ಆಗಿ ತಾನೇ ಎದ್ದು ಕಾಣುತ್ತದೆ.

ಸಿದ್ಧತೆಗೆ ಸಮಯ ಹೆಚ್ಚು ಹಿಡಿಯುವುದು ಈ ಬಗೆಗೇ. ಎಲ್ಲ ಅಧ್ಯಯನಗಳೂ ಒಂದೇ ಅಳತೆಯನ್ನು ಒಂದೇ ಸಲ ವರದಿ ಮಾಡಿದ್ದರೆ, ಉದಾಹರಣೆಗೆ 30 ದಿನದೊಳಗಿನ ಸಾವು ಮಾತ್ರ, ಅಷ್ಟು ಶ್ರಮ ಬೇಡ. ಅಧ್ಯಯನಕ್ಕೊಂದು ಸಾಲೇ ಸಾಕು. ಎರಡನೆಯ ಅಳತೆ ಅಥವಾ ಎರಡನೆಯ ಸಮಯಬಿಂದು ಪ್ರೋಟೊಕಾಲ್‌ನಲ್ಲಿ ಇದ್ದರೆ ಮೂರು ಹಾಳೆಯಿಂದಲೇ ಶುರುಮಾಡಿ. ಮೊದಲು ಒಂದಕ್ಕೊಂದು ಹೋಲದ ಮೂರು ಪ್ರಬಂಧಗಳನ್ನು ಆರಿಸಿ ತುಂಬಿ ನೋಡಿ: ಮೂರು ಗುಂಪಿನದೊಂದು, ಕ್ಲಸ್ಟರ್ ವಿನ್ಯಾಸದ್ದೊಂದು, ಅಂಕಿಗಳನ್ನು ಗ್ರಾಫ್‌ನಲ್ಲಿ ಮಾತ್ರ ಕೊಟ್ಟದ್ದೊಂದು. ಕಾಲಂಗಳಲ್ಲಿ ಏನು ಕೊರತೆಯಿದೆ ಎಂಬುದನ್ನು ತೋರಿಸುವವು ಇವೇ.