ಜಿಎಸ್‌ಟಿ ನಂಬರನ್ನು ಪೆನ್ನಿನಲ್ಲಿ ಬರೆದುಕೊಟ್ಟರೆ ಆ ಬಿಲ್ ತೆಗೆದುಕೊಳ್ಳಬೇಡಿ

ಒಬ್ಬರೇ ಮಾಲೀಕರಾಗಿ ಅಂಗಡಿಯನ್ನೋ ವರ್ಕ್‌ಶಾಪನ್ನೋ ನಡೆಸುವವರು, ಜಿಎಸ್‌ಟಿ ಕೊಟ್ಟು ಹೋಲ್‌ಸೇಲ್ ಮಾಲು ತರುವವರು ದಯವಿಟ್ಟು ಇದನ್ನು ಓದಿ. ನನ್ನ 32,400 ರೂಪಾಯಿ ಹೋಗಿದೆ. ಬಿಲ್ ಇದೆ, ಬ್ಯಾಂಕಿನಿಂದ ಹಣ ಕಳಿಸಿದ ದಾಖಲೆ ಇದೆ, ಮಾಲೂ ಬಂದಿದೆ. ಆದರೂ ಹೋಗಿದೆ.

ನನ್ನದು ದಾವಣಗೆರೆಯಲ್ಲಿ ಅಡುಗೆಮನೆ ಕಪಾಟು, ವಾರ್ಡ್‌ರೋಬ್ ಮಾಡುವ ವರ್ಕ್‌ಶಾಪ್. 2024ರ ಅಕ್ಟೋಬರ್‌ನಲ್ಲಿ ಒಂದು ಹೋಲ್‌ಸೇಲ್ ಅಂಗಡಿಯಿಂದ 1,80,000 ರೂಪಾಯಿಯ ಪ್ಲೈವುಡ್ ತರಿಸಿದೆ. ಅದರ ಮೇಲೆ ಶೇ. 18 ಜಿಎಸ್‌ಟಿ 32,400. ಒಟ್ಟು 2,12,400 ರೂಪಾಯಿ ಬ್ಯಾಂಕಿನಿಂದಲೇ ಕಳಿಸಿದೆ. ಅರ್ಧ ನಗದು ಕೊಡಿ ಎಂದು ಅಂಗಡಿಯವನು ಕೇಳಿದ್ದ, ನಾನು ಒಪ್ಪಲಿಲ್ಲ. ಒಬ್ಬರಿಗೆ ಒಂದು ದಿನಕ್ಕೆ 10,000 ಮೀರಿ ನಗದು ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚೆಂದು ಒಪ್ಪುವುದಿಲ್ಲ.

ಅವನು ಕೊಟ್ಟ ಬಿಲ್ ಈಗಲೂ ನನ್ನ ಮುಂದಿದೆ. ಮೇಲೆ 'ಟ್ಯಾಕ್ಸ್ ಇನ್ವಾಯ್ಸ್' ಎಂದಿದೆ, ಸಿಜಿಎಸ್‌ಟಿ 16,200, ಎಸ್‌ಜಿಎಸ್‌ಟಿ 16,200 ಎಂದು ಬೇರೆಬೇರೆಯಾಗಿ ಅಚ್ಚಾಗಿದೆ. ಕೊಂಡವರ ಹೆಸರಿನ ಜಾಗದಲ್ಲಿ ಮಾತ್ರ 'ಕ್ಯಾಶ್' ಎಂದು ಅಚ್ಚಾಗಿದ್ದು, ಅದರ ಕೆಳಗೆ ನೀಲಿ ಪೆನ್ನಿನಲ್ಲಿ ನನ್ನ ವರ್ಕ್‌ಶಾಪಿನ ಹೆಸರು, ಜಿಎಸ್‌ಟಿ ನಂಬರ್. "ಕಂಪ್ಯೂಟರ್‌ನಲ್ಲಿ ನಿಮ್ಮ ನಂಬರ್ ಸೇರಿಸಬೇಕು ಸಾರ್, ಸಂಜೆ ಸೇರಿಸುತ್ತೇನೆ, ಸೀಲ್ ಹಾಕಿದ್ದೇನಲ್ಲ" ಎಂದ. ಆ ಸಂಜೆ ಇವತ್ತಿಗೂ ಆಗಿಲ್ಲ.

ನಾವು ಕೊಂಡಾಗ ಕಟ್ಟಿದ ತೆರಿಗೆಯನ್ನು ನಮ್ಮ ಮಾರಾಟದ ತೆರಿಗೆಯಲ್ಲಿ ಕಳೆಯಬೇಕಾದರೆ ಕಾಗದದ ಬಿಲ್ ಸಾಲದು. ಮಾರಿದವನು ತನ್ನ ರಿಟರ್ನ್‌ನಲ್ಲಿ ನಮ್ಮ ನಂಬರ್ ಹಾಕಿ ತೋರಿಸಬೇಕು, ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ ತಿಂಗಳಿಗೊಮ್ಮೆ ಬರುವ ನಮ್ಮ ಖರೀದಿ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. 2022ರ ಜನವರಿಯಿಂದ ನಿಯಮ ಹೀಗಿದೆ. ನವೆಂಬರ್ 14ಕ್ಕೆ ಬಂದ 2ಬಿಯಲ್ಲಿ ಈ ಬಿಲ್ ಇರಲಿಲ್ಲ. ಕೇಳಿದರೆ, "ನಾವು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಸಾರ್, ಜನವರಿಯಲ್ಲಿ ಬರುತ್ತದೆ." ಅಂಥ ಪದ್ಧತಿ ನಿಜಕ್ಕೂ ಇರುವುದರಿಂದ ಕಾದೆ. ಜನವರಿಯಲ್ಲೂ ಇಲ್ಲ. ಆಗ "ಅಕೌಂಟೆಂಟ್ ಊರಿಗೆ ಹೋಗಿದ್ದಾನೆ." ಆಮೇಲೆ "ಮಾರ್ಚ್ ಮುಗಿಯಲಿ, ಎಲ್ಲ ಒಟ್ಟಿಗೆ ಸರಿ ಮಾಡುತ್ತೇವೆ." ಆಮೇಲೆ ಫೋನನ್ನೇ ಎತ್ತಲಿಲ್ಲ.

ನಮ್ಮ ತೆರಿಗೆ ಸಲಹೆಗಾರರು ಲಾರಿಯವನು ಕೊಟ್ಟುಹೋಗಿದ್ದ ಇ-ವೇ ಬಿಲ್ ತೆಗೆಸಿ ನೋಡಿದಾಗ ನನ್ನ ಮೈ ಉರಿದುಹೋಯಿತು. ಮಾಲು ಇಳಿಸಬೇಕಾದ ವಿಳಾಸ ನನ್ನದೇ, ನನ್ನ ಜಿಎಸ್‌ಟಿ ನಂಬರ್ ಇರಬೇಕಾದ ಕಡೆ ಮಾತ್ರ URP, ಅಂದರೆ ನೋಂದಣಿ ಇಲ್ಲದ ವ್ಯಕ್ತಿ! ಮಾಲು ಹೊರಡುವ ಮೊದಲೇ ನನ್ನನ್ನು ಕೌಂಟರ್ ಗಿರಾಕಿ ಎಂದು ಬರೆದುಕೊಂಡಿದ್ದ. ನಾನೇ ಅಂಗಡಿಗೆ ಹೋಗಿ ಅದನ್ನು ಮುಂದಿಟ್ಟೆ. ತಲೆಯೆತ್ತದೆ ಹೇಳಿದ: "ತೆರಿಗೆ ಸರ್ಕಾರಕ್ಕೆ ಕಟ್ಟಿದ್ದೇನೆ. ನಿಮಗೆ ಬಿಲ್ ಕೊಟ್ಟಿದ್ದೇನೆ. ಇನ್ನೇನು ಕೊಡಬೇಕು?" ಕೌಂಟರಿನಲ್ಲಿದ್ದ ಬೇರೆ ಗಿರಾಕಿಗಳ ಎದುರು ನಾನೇ ಜಗಳಗಂಟನಾದೆ. ಆತ ಮನಸ್ಸು ಮಾಡಿದ್ದರೆ ಮುಂದಿನ ಯಾವುದೇ ರಿಟರ್ನ್‌ನಲ್ಲಿ ತಿದ್ದಬಹುದಿತ್ತು. ಅದಕ್ಕೆ 2025ರ ನವೆಂಬರ್ 30ರವರೆಗೆ ಅವಕಾಶವಿತ್ತು. ಅದು ದಾಟುವವರೆಗೂ ನಾಳೆ, ನಾಡಿದ್ದು ಎಂದೇ ಎಳೆದ.

ಈಗ ನಾನು ಇಡುವ ಲೆಕ್ಕ ಹೀಗಿದೆ. ತಿಂಗಳಿಗೊಂದು ಫೈಲ್. ಪ್ರತಿ ಖರೀದಿಗೆ ಬಿಲ್, ಇ-ವೇ ಬಿಲ್, ಬ್ಯಾಂಕ್ ಪಾವತಿಯ ಪ್ರತಿ, ಮೂರನ್ನೂ ಒಟ್ಟಿಗೆ ಪಿನ್ ಮಾಡುತ್ತೇನೆ. 14ರಂದು 2ಬಿ ಇಳಿಸಿಕೊಂಡು ಒಂದೊಂದೇ ಬಿಲ್‌ಗೆ ಕೆಂಪು ಟಿಕ್ ಹಾಕುತ್ತೇನೆ. ಟಿಕ್ ಬೀಳದ ಬಿಲ್‌ಗಳನ್ನು ಫೈಲಿಗೆ ಸೇರಿಸುವುದಿಲ್ಲ, ಮೇಜಿನ ಮೇಲೆ ಬೇರೆ ಕ್ಲಿಪ್ಪಿನಲ್ಲಿಡುತ್ತೇನೆ. ಬಾಡಿಗೆ ರಸೀದಿ, ಕರೆಂಟ್ ಬಿಲ್, ಕೆಲಸಗಾರರು ಸಹಿ ಹಾಕಿದ ಸಂಬಳದ ಪುಸ್ತಕ ಆದಾಯ ತೆರಿಗೆಗೆ ಬೇಕು, ಅವಕ್ಕೆ ಇನ್ನೊಂದು ಫೈಲ್. ಪೆಟ್ರೋಲ್ ಬಂಕಿನ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ನನ್ನ ಈ ಅಕ್ಟೋಬರ್ ಬಿಲ್ಲನ್ನು 2031ರ ಡಿಸೆಂಬರ್‌ವರೆಗೆ ಎಸೆಯುವಂತಿಲ್ಲ.

ಹೊಸ ವ್ಯಾಪಾರಿಗೆ ಈಗ ಮಾಲಿನ ಬೆಲೆಯನ್ನಷ್ಟೇ ಕೊಡುತ್ತೇನೆ, ತೆರಿಗೆಯ ಹಣ 2ಬಿಯಲ್ಲಿ ಬಿಲ್ ಕಂಡ ಮೇಲೆ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಪೂರ್ತಿ ಹಣ ಕೊಟ್ಟರೆ ನಮಗೇನೂ ತೊಂದರೆಯಿಲ್ಲ. ನೀಲಿ ಪೆನ್ನಿನ ಬಿಲ್ ನಿಮ್ಮ ಫೈಲಿನಲ್ಲೂ ಇದ್ದರೆ, ಆ ಬಿಲ್ಲಿನ ವರ್ಷ ಮಾರ್ಚ್‌ನಲ್ಲಿ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ ತಿದ್ದಿಸಬಹುದು. ಫೋನಿನಲ್ಲಿ ಕೇಳಬೇಡಿ. ಇ-ವೇ ಬಿಲ್ ಪ್ರತಿ ಲಗತ್ತಿಸಿ ಬರವಣಿಗೆಯಲ್ಲಿ ಕೇಳಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಅದೇ ಬಿಲ್ಲಿಗೆ ಪಿನ್ ಮಾಡಿಡಿ.